ಯಾವುದಕ್ಕೆ ಒತ್ತು ಕೊಡಲಿ ಎಂದು ಕೇಳಿದ್ದೇ ಅಪರಾಧವೇ?

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ ಎರಡು ಹುದ್ದೆಗಳಿಗೆ ಅರ್ಜಿ ಕರೆದಿತ್ತು: ಡೇಟಾ ಅನಲಿಸ್ಟ್ ಮತ್ತು ಡೇಟಾ ಎಂಜಿನಿಯರ್. ನಾಲ್ಕು ವರ್ಷಗಳಿಂದ ನಾನು ವರದಿಗಳನ್ನು ಸಿದ್ಧಪಡಿಸುವ ಕೆಲಸ ಮಾಡುತ್ತಿದ್ದೇನೆ. ಒಂದೂವರೆ ವರ್ಷದಿಂದ ಆ ವರದಿಗಳಿಗೆ ಬೇಕಾದ ದತ್ತಾಂಶವನ್ನು ಪ್ರತಿ ರಾತ್ರಿ ತಂದು ಜೋಡಿಸುವ ಪೈಥಾನ್ ಪ್ರೋಗ್ರಾಂಗಳನ್ನೂ ಬರೆಯುತ್ತಿದ್ದೇನೆ. ಎರಡೂ ನನಗೆ ಒಪ್ಪುವ ಕೆಲಸಗಳೇ ಆಗಿದ್ದರಿಂದ ಎರಡಕ್ಕೂ ಅರ್ಜಿ ಹಾಕಿದೆ. ಕಂಡ ಹುದ್ದೆಗೆಲ್ಲ ಅರ್ಜಿ ಎಸೆಯುವವನು ನಾನಲ್ಲ.

ಮೂರನೆಯ ದಿನ ರಿಕ್ರೂಟರ್ ಕರೆ ಮಾಡಿದರು. ಈಗಿನ ಸಂಬಳ, ನೋಟಿಸ್ ಅವಧಿ ಎಲ್ಲವನ್ನೂ ಕೇಳಿಕೊಂಡರು. ನಾನು ಕೇಳಿದ್ದು ಒಂದೇ: "ಮೇಡಂ, ಎರಡರಲ್ಲಿ ಯಾವುದಕ್ಕೆ ಒತ್ತು ಕೊಡಲಿ?" "ಎರಡೂ ಇರಲಿ, ನೋಡೋಣ" ಎಂದರು. ಅಷ್ಟಕ್ಕೆ ಬಿಡದೆ ಇಮೇಲ್‌ನಲ್ಲಿ ಬಿಡಿಸಿ ಕೇಳಿದೆ. ಯಾವ ಹುದ್ದೆಯ ಸಂದರ್ಶನಗಳು ಯಾವ ಹಂತದಲ್ಲಿವೆ? ಒಂದರಲ್ಲಿ ತಿರಸ್ಕೃತನಾದರೆ ಇನ್ನೊಂದು ಅರ್ಜಿಯೂ ನಿಂತುಹೋಗುತ್ತದೆಯೇ?

ಹನ್ನೊಂದು ದಿನ ಉತ್ತರವಿಲ್ಲ. ಆಮೇಲೆ ಒಂದು ಕರೆ: "ನಿಮಗೆ ಏನು ಬೇಕೆಂದು ನಿಮಗೇ ಸ್ಪಷ್ಟವಿಲ್ಲ." ಅದೇ ಸಂಜೆ ಎರಡೂ ಅರ್ಜಿಗಳು ತಿರಸ್ಕೃತವಾದವು, ಒಂದೇ ನಿಮಿಷದಲ್ಲಿ. ಇನ್ನು ಆರು ತಿಂಗಳು ಆ ಕಂಪನಿಯ ಯಾವ ಹುದ್ದೆಗೂ ನಾನು ಅರ್ಜಿ ಹಾಕುವಂತಿಲ್ಲ.

ನನಗೆ ಏನು ಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಕಂಪನಿಯ ಒಳಗಿನ ಸ್ಥಿತಿ, ಮತ್ತು ಅದು ತಿಳಿದಿದ್ದುದು ಅವರೊಬ್ಬರಿಗೇ! ನನ್ನ ಎರಡೂ ಅರ್ಜಿಗಳು ಒಂದೇ ಹೆಸರಿನಡಿ ಅವರ ಪರದೆಯ ಮೇಲೆ ಕಾಣುತ್ತವೆ. ಯಾವುದಕ್ಕೆ ಮಂಜೂರಾತಿ ಉಳಿದಿದೆ, ಯಾವುದು ಮುಗಿಯುತ್ತ ಬಂದಿದೆ ಎಂಬುದೂ ಕಾಣುತ್ತದೆ. ಹೊರಗಿರುವ ನನಗೆ ಕಾಣುವುದು ಜಾಹೀರಾತು ಮಾತ್ರ.

ಆ ಜಾಹೀರಾತಿನ ಹಿಂದಿನ ಸತ್ಯ ಅಲ್ಲಿ ಕೆಲಸ ಮಾಡುವ ಹಳೆಯ ಸಹೋದ್ಯೋಗಿಯಿಂದ ತಿಳಿಯಿತು. ಅನಲಿಸ್ಟ್ ಹುದ್ದೆಗೆ ನಾನು ಅರ್ಜಿ ಹಾಕುವ ಮೊದಲೇ ಒಬ್ಬರನ್ನು ಆರಿಸಿಯಾಗಿತ್ತು. ಅವರು ಬಾರದೆ ಹೋದರೆ ಇರಲಿ ಎಂದು ಜಾಹೀರಾತನ್ನು ತೆಗೆದಿರಲಿಲ್ಲ. ಎಂಜಿನಿಯರ್ ಹುದ್ದೆ ನಿಜವಾಗಿಯೂ ಖಾಲಿ ಇತ್ತು, ಆದರೆ ಅದನ್ನು ನೋಡಿಕೊಳ್ಳುತ್ತಿದ್ದವರು ಬೇರೊಬ್ಬ ರಿಕ್ರೂಟರ್. ತಾವು ತುಂಬಬೇಕಾದ ಹುದ್ದೆಗಲ್ಲದ ಅಭ್ಯರ್ಥಿಯಿಂದ ನನಗೆ ಕರೆ ಮಾಡಿದ ರಿಕ್ರೂಟರ್‌ಗೆ ಏನೂ ಆಗಬೇಕಾಗಿರಲಿಲ್ಲ. ಹಾಗೆಂದು ದಾರಿಯನ್ನೇ ಮುಚ್ಚಬೇಕೇ? "ಎಂಜಿನಿಯರ್ ಹುದ್ದೆಗೆ ಪ್ರಯತ್ನಿಸಿ, ಅದನ್ನು ನೋಡುವವರು ಇಂಥವರು" ಎಂಬ ಒಂದು ಸಾಲು ಸಾಕಿತ್ತು. ಆ ಸಾಲು ಬರಲಿಲ್ಲ. ಎರಡು ಭಾನುವಾರ ಕುಳಿತು ನಾನು ತಯಾರಿ ನಡೆಸಿದ್ದು ಮುಗಿದುಹೋದ ಅನಲಿಸ್ಟ್ ಹುದ್ದೆಗೆ.

ಎಂಜಿನಿಯರ್ ಅರ್ಜಿಯನ್ನು ಆ ತಂಡದ ವ್ಯವಸ್ಥಾಪಕರು ತೆರೆದೇ ನೋಡಿಲ್ಲವಂತೆ. ನೋಡದ ಅರ್ಜಿಗೆ ಆರು ತಿಂಗಳ ನಿಷೇಧ ಯಾವ ನ್ಯಾಯ? ಅದನ್ನಾದರೂ ತೆಗೆಯಿರಿ ಎಂದು ಆ ರಿಕ್ರೂಟರ್‌ಗೆ ನಿನ್ನೆ ಮತ್ತೆ ಬರೆದಿದ್ದೇನೆ, ಈ ಬಾರಿ ಅವರ ಮೇಲಧಿಕಾರಿಗೂ ಪ್ರತಿ ಹಾಕಿ.