ಮುಹೂರ್ತ ಮರೆತ ಲಗ್ನಪತ್ರಿಕೆ

ಲಗ್ನಪತ್ರಿಕೆಯೊಂದನ್ನು ಊಹಿಸಿಕೊಳ್ಳಿ. ಕುಲದೇವರ ಪ್ರಸನ್ನ ಇದೆ, ಸುಖಾಗಮನ ಬಯಸುವ ಇಪ್ಪತ್ತೆರಡು ಮಂದಿ ಬಂಧುಗಳ ಹೆಸರಿದೆ, ‘ನಮ್ಮ ಚಿಕ್ಕಪ್ಪನ ಮದುವೆಗೆ ತಪ್ಪದೇ ಬನ್ನಿ’ ಎನ್ನುವ ಪುಟಾಣಿಗಳೂ ಇದ್ದಾರೆ. ಮದುವೆ ಯಾವ ದಿನ, ಎಷ್ಟು ಗಂಟೆಗೆ ಅನ್ನುವುದು ಮಾತ್ರ ಇಲ್ಲ. ಇಂಥ ಪತ್ರಿಕೆಯನ್ನು ಮದುವೆಗೆ ಯಾರೂ ಅಚ್ಚು ಹಾಕಿಸುವುದಿಲ್ಲ. ಸರ್ಕಾರಿ ಟೆಂಡರಿನ ಜೊತೆ ಲಗತ್ತಿಸುವ ಕವರಿಂಗ್ ಲೆಟರ್ ಆದರೆ ಬಹುಪಾಲು ಹೀಗೆಯೇ ಇರುತ್ತದೆ.

ತಾಲ್ಲೂಕು ಆಸ್ಪತ್ರೆಯೊಂದಕ್ಕೆ 125 ಕೆವಿಎ ಡೀಸೆಲ್ ಜನರೇಟರ್ ಬೇಕು ಎಂದಿಟ್ಟುಕೊಳ್ಳೋಣ. ಸರಬರಾಜು, ಅಳವಡಿಕೆ, ಚಾಲನೆ ಎಲ್ಲ ಸೇರಿ ಒಂದೇ ಟೆಂಡರ್, ಎರಡು ಲಕೋಟೆ ಪದ್ಧತಿ. ಮೊದಲನೆಯದರಲ್ಲಿ ತಾಂತ್ರಿಕ ದಾಖಲೆ, ಎರಡನೆಯದರಲ್ಲಿ ಬೆಲೆ. ಈಗ ಲಕೋಟೆ ಅನ್ನುವುದು ಹೆಸರಿಗೆ ಮಾತ್ರ, ಎಲ್ಲ ಪೋರ್ಟಲ್ಲಿನಲ್ಲೇ ಏರಬೇಕು. ನಮ್ಮ ಬಿಡ್ಡುದಾರರ ಪತ್ರ ಹೀಗೆ ಶುರುವಾಗುತ್ತದೆ: ‘ಕಳೆದ ಇಪ್ಪತ್ತೈದು ವರ್ಷಗಳಿಂದ ಗುಣಮಟ್ಟವೇ ಉಸಿರಾಗಿರುವ ನಮ್ಮ ಸಂಸ್ಥೆಯು...’ ಸಂಸ್ಥಾಪಕರ ದೂರದೃಷ್ಟಿ ಒಂದು ಪುಟ, ಐಎಸ್‌ಒ ಪ್ರಮಾಣಪತ್ರದ ಮಹಿಮೆ ಅರ್ಧ ಪುಟ. ಮೂರನೇ ಪುಟದ ತಳದಲ್ಲಿ, ಸಹಿಯ ನೆರಳಿನಲ್ಲಿ, ಒಂದು ಸಾಲು: ‘ಪಾವತಿ: ಪರಸ್ಪರ ಒಪ್ಪಿಗೆಯಂತೆ.’

ಇನ್ನೊಂದು ಕಡೆ ಪರಿಶೀಲನಾ ಸಮಿತಿ. ಅವರ ಮುಂದೆ ಒಂಬತ್ತು ಬಿಡ್ಡು, ಒಂದೊಂದೂ ನೂರೈವತ್ತು ಪುಟ, ಅದರಲ್ಲಿ ಅರ್ಧ ತಲೆಕೆಳಗಾಗಿ ಸ್ಕ್ಯಾನ್ ಆದವು. ಅವರು ತುಂಬಬೇಕಾದ ತುಲನಾತ್ಮಕ ಪಟ್ಟಿಯಲ್ಲಿ ಸಂಸ್ಥಾಪಕರ ದೂರದೃಷ್ಟಿಗೆ ಕಾಲಮ್ಮೇ ಇಲ್ಲ. ಇರುವ ಕಾಲಮ್ಮು: ‘ಪಾವತಿ ಷರತ್ತು ಒಪ್ಪಿದ್ದಾರೆಯೇ? ಹೌದು / ಇಲ್ಲ.’ ಪರಸ್ಪರ ಒಪ್ಪಿಗೆ ಅನ್ನುವುದು ಹೌದೂ ಅಲ್ಲ, ಇಲ್ಲವೂ ಅಲ್ಲ. ಟೆಂಡರಿನಲ್ಲಿ ಪಾವತಿಯ ಷರತ್ತನ್ನು ಕೊಳ್ಳುವವರು ಮೊದಲೇ ಬರೆದಿದ್ದಾರೆ. ಬಿಡ್ಡು ಹಾಕಿದ ಮೇಲೆ ಕೂತು ಒಪ್ಪಿಕೊಳ್ಳುವುದಕ್ಕೆ ಏನೂ ಉಳಿದಿಲ್ಲ. ಸಮಿತಿಯ ಕೇಸ್ ವರ್ಕರ್ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ. ಬಿಡ್ಡು ಬೀಳುವುದು ಅಲ್ಲಿಂದ.

ಇದಕ್ಕಿಂತ ಧೈರ್ಯಶಾಲಿಗಳೂ ಇದ್ದಾರೆ. ಅವರು ಬರೆಯುತ್ತಾರೆ: ‘ಶೇ. 50 ಮುಂಗಡ. ಬಿಲ್ಲು ತಡವಾದರೆ ಶೇ. 24 ಬಡ್ಡಿ.’ ಟೆಂಡರಿನಲ್ಲಿ ಮುಂಗಡವೇ ಇಲ್ಲದಿದ್ದರೆ ಇದು ಷರತ್ತುಬದ್ಧ ಬಿಡ್ಡು, ನೇರವಾಗಿ ತಿರಸ್ಕಾರಕ್ಕೆ. ಕವರಿಂಗ್ ಲೆಟರ್ ಚೌಕಾಸಿಯ ಜಾಗವೇ ಅಲ್ಲ. ಚೌಕಾಸಿ ಇರುವುದು ಅದಕ್ಕೂ ಮೊದಲು, ಪ್ರೀ-ಬಿಡ್ ಸಭೆಯಲ್ಲಿ. ಅಲ್ಲಿ ಲಿಖಿತವಾಗಿ ಕೇಳಿದ ಪ್ರಶ್ನೆಗೆ ಕೊಳ್ಳುವವರು ಕೊಟ್ಟ ಉತ್ತರ ತಿದ್ದುಪಡಿಯಾಗಿ ಪ್ರಕಟವಾದರೆ ಅದು ಟೆಂಡರಿನ ಭಾಗವಾಗುತ್ತದೆ, ಎಲ್ಲರಿಗೂ ಅನ್ವಯಿಸುತ್ತದೆ. ಆ ಸಭೆಗೆ ನಮ್ಮವರು ಹೋಗುತ್ತಾರೆ, ಬಿಸ್ಕತ್ತು ತಿನ್ನುತ್ತಾರೆ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಬರುತ್ತಾರೆ. ಪ್ರಶ್ನೆ ನೆನಪಾಗುವುದು ಕವರಿಂಗ್ ಲೆಟರ್ ಟೈಪ್ ಮಾಡಿಸುವಾಗ.

ಬಡ್ಡಿಯ ಮಾತಂತೂ ಬರೆಯುವ ಅಗತ್ಯವೇ ಇಲ್ಲ. ಉದ್ಯಮ್ ನೋಂದಣಿ ಇರುವ ಸೂಕ್ಷ್ಮ, ಸಣ್ಣ ಸರಬರಾಜುದಾರರಿಗೆ 2006ರ ಎಂಎಸ್‌ಎಂಇಡಿ ಕಾಯ್ದೆಯೇ ಅದನ್ನು ಕೊಟ್ಟಿದೆ. ಸರಕು ಸ್ವೀಕಾರವಾದ ಮೇಲೆ 45 ದಿನಕ್ಕಿಂತ ಹೆಚ್ಚು ಅವಧಿಯನ್ನು ಒಪ್ಪಂದದಲ್ಲಿ ಬರೆದುಕೊಂಡರೂ ಅದು ನಿಲ್ಲದು. ದಾಟಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಪತ್ರದಲ್ಲಿ ಉದ್ಯಮ್ ಸಂಖ್ಯೆಯೊಂದನ್ನು ಬರೆದರೆ ಸಾಕು. ಅದು ಮಾಹಿತಿಯಾಗಿ ಉಳಿಯುತ್ತದೆ, ಷರತ್ತಿನ ವಾಸನೆ ಬರುವುದಿಲ್ಲ.

ಇನ್ನು ಅತಿ ಸ್ಪಷ್ಟತೆಯಿಂದ ಕೆಡುವವರು. ಹಂತ, ಶೇಕಡಾವಾರು, ರೂಪಾಯಿ, ಪೈಸೆ ಎಲ್ಲ ಇರುವ ಅಂದವಾದ ಪಟ್ಟಿ ಮಾಡಿ ಮೊದಲ ಲಕೋಟೆಯಲ್ಲೇ ಇಡುತ್ತಾರೆ. ಯಂತ್ರದಲ್ಲಿ ದೋಷ ಕಂಡರೆ ಇರಲಿ ಎಂದು ಕೊಳ್ಳುವವರು ಬಿಲ್ಲಿನಲ್ಲಿ ಸ್ವಲ್ಪ ಕಾಲ ಹಿಡಿದಿಟ್ಟುಕೊಳ್ಳುವ ಹಣದ ಬಗ್ಗೆ ಒಂದು ಸಾಲು: ‘ತಡೆಹಿಡಿಯುವ ಮೊತ್ತ ಶೇ. 5, ಅಂದರೆ ರೂ. 1,00,000.’ ಬೆಲೆಯನ್ನು ನಾವು ಎಲ್ಲೂ ಬರೆದಿಲ್ಲವಲ್ಲ ಎಂಬ ನೆಮ್ಮದಿ ಬೇರೆ. ಮೂರನೇ ಕ್ಲಾಸಿನ ಮಗು ಇಪ್ಪತ್ತರಿಂದ ಗುಣಿಸಿದರೆ 20 ಲಕ್ಷ ಬರುತ್ತದೆ. ಬೆಲೆ ತಾಂತ್ರಿಕ ಲಕೋಟೆಯಲ್ಲಿ ಬಯಲಾಯಿತು, ಬಿಡ್ಡು ಹೊರಗೆ. ಆದ್ದರಿಂದ ಮೊದಲ ಲಕೋಟೆಯ ಪತ್ರದಲ್ಲಿ ಶೇಕಡಾ ಮಾತ್ರ ಇರಬೇಕು. ರೂಪಾಯಿ ಅನ್ನುವ ಪದಾರ್ಥ ಎರಡನೆಯದರಲ್ಲಿ, ಅದೂ ಟೆಂಡರಿನ ನಮೂನೆಯಲ್ಲಿ ಜಾಗವಿದ್ದರೆ.

ಕೊಳ್ಳುವವರ ಕಡೆಯ ಕಲಾಕೃತಿಗಳನ್ನೂ ನೋಡಬೇಕಲ್ಲ. ಜನರೇಟರಿನ ಟೆಂಡರನ್ನು ಹಳೆಯ ರಸ್ತೆ ಟೆಂಡರಿನಿಂದ ನಕಲು ಮಾಡಿದಾಗ ಒಂದು ಸಾಲು ಹಾಗೇ ಉಳಿದಿರುತ್ತದೆ: ‘ತಡೆಹಿಡಿದ ಹಣವನ್ನು ಎರಡು ಮಳೆಗಾಲ ಕಳೆದ ನಂತರ ಬಿಡುಗಡೆ ಮಾಡಲಾಗುವುದು.’ ಡಾಂಬರು ಕಿತ್ತು ಬರುತ್ತದೆಯೇ ಎಂದು ನೋಡಲು ಮಳೆ ಬೇಕು, ಸರಿ. ಸೌಂಡ್ ಪ್ರೂಫ್ ಡಬ್ಬದೊಳಗೆ ಕೂತ ಜನರೇಟರ್ ಯಾವ ಮಳೆಯಲ್ಲಿ ಪರೀಕ್ಷೆ ಬರೆಯಬೇಕು?

ಅದೇ ದಾಖಲೆಯ ಇನ್ನೊಂದು ಪುಟದಲ್ಲಿ ‘ಕೊನೆಯ ಶೇ. 10 ದೋಷ ಹೊಣೆ ಅವಧಿ ಮುಗಿದ ಮೇಲೆ’ ಎಂದಿರುತ್ತದೆ. ಮತ್ತೊಂದರಲ್ಲಿ ‘ಪ್ರತಿ ಬಿಲ್ಲಿನಲ್ಲಿ ಶೇ. 5 ತಡೆಹಿಡಿಯಲಾಗುವುದು.’ ಮಗದೊಂದರಲ್ಲಿ ಶೇ. 5ರ ಕಾರ್ಯನಿರ್ವಹಣಾ ಭದ್ರತೆ, ಬ್ಯಾಂಕ್ ಗ್ಯಾರಂಟಿ ರೂಪದಲ್ಲಿ. ಮೂರೂ ಒಂದೇ ತಪ್ಪಿಗೆ ಹಿಡಿದ ಮೂರು ಜಾಮೀನು, ಒಟ್ಟು ಸುಮಾರು ಶೇ. 20. ಬಿಡ್ಡುದಾರರು ಮೂರನ್ನೂ ಸೇರಿಸಿ ಒಮ್ಮೆ ಕೂಡುವುದೇ ಇಲ್ಲ, ಏಕೆಂದರೆ ಅವು ಇರುವುದು ಮೂರು ಬೇರೆ ಬೇರೆ ಪುಟಗಳಲ್ಲಿ. ಇವು ಮೂರೂ ಬೇರೆಬೇರೆಯೇ, ಒಂದರಲ್ಲಿ ಇನ್ನೊಂದು ಸೇರಿದೆಯೇ ಎಂದು ಪ್ರೀ-ಬಿಡ್‌ನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ ಸಾಲಿನದು.

ಒಂದು ಲೆಕ್ಕ ಮಾಡಿ ನೋಡೋಣ. ಸಮಿತಿ ಉತ್ತರ ಕೊಟ್ಟಿತು: ಶೇ. 10ರ ಸಾಲೂ ಮಳೆಗಾಲದ ಸಾಲೂ ಹಳೆಯವು, ತೆಗೆದಿದ್ದೇವೆ. ಪ್ರತಿ ಬಿಲ್ಲಿನಲ್ಲಿ ಶೇ. 5 ಮಾತ್ರ, ಅದರ ಬಿಡುಗಡೆ ದೋಷ ಹೊಣೆ ಅವಧಿಯ ಹನ್ನೆರಡು ತಿಂಗಳು ಮುಗಿದ ಮೇಲೆ. ಬೆಲೆ 20 ಲಕ್ಷ, ಶೇ. 18ರ ಜಿಎಸ್‌ಟಿ 3.60 ಲಕ್ಷ, ಒಟ್ಟು 23.60 ಲಕ್ಷ. ಹಂತ ಮೂರು: ಯಂತ್ರ ಸ್ಥಳಕ್ಕೆ ಬಂದಾಗ ಶೇ. 70, ಕೇಬಲ್, ಪ್ಯಾನೆಲ್, ಅರ್ಥಿಂಗ್ ಮುಗಿದಾಗ ಶೇ. 20, ಚಾಲನೆ ಮತ್ತು ಅನುಮೋದನೆ ಆದಾಗ ಶೇ. 10. ಮೊದಲ ಬಿಲ್ಲು 14 ಲಕ್ಷ ಮತ್ತು ಅದರ ತೆರಿಗೆ 2.52 ಲಕ್ಷ, ಒಟ್ಟು 16.52 ಲಕ್ಷ. ಈಗ ಶೇ. 5 ಯಾವುದರ ಮೇಲೆ? ಇದನ್ನೂ ಪ್ರೀ-ಬಿಡ್‌ನಲ್ಲೇ ಕೇಳಿಕೊಳ್ಳಬೇಕು. ತೆರಿಗೆ ಬಿಟ್ಟು ಲೆಕ್ಕ ಹಾಕಿದರೆ 70,000. ತೆರಿಗೆ ಸೇರಿಸಿ ಹಾಕಿದರೆ 82,600. ಮೂರೂ ಬಿಲ್ಲು ಮುಗಿಯುವಾಗ ವ್ಯತ್ಯಾಸ 18,000 ರೂಪಾಯಿ. ಬಿಲ್ಲು ಎತ್ತಿದ ತಿಂಗಳ ಲೆಕ್ಕದಲ್ಲಿ ತೆರಿಗೆಯನ್ನು ಸರ್ಕಾರಕ್ಕೆ ಪೂರ್ತಿ ಕಟ್ಟಿ ಆಗಿರುತ್ತದೆ. ಅಂದರೆ ಸರ್ಕಾರದ ಒಂದು ಕೈಗೆ ಕೊಟ್ಟ ಹಣವನ್ನು ಇನ್ನೊಂದು ಕೈ ಒಂದು ವರ್ಷ ಇಟ್ಟುಕೊಳ್ಳುತ್ತದೆ, ಯಂತ್ರ ಚೆನ್ನಾಗಿ ಓಡುತ್ತದೆಯೇ ನೋಡಲು. ತೆರಿಗೆ ಚೆನ್ನಾಗಿ ಓಡುತ್ತದೆಯೇ ಎಂದು ನೋಡುವ ವಿಧಾನ ಮಾತ್ರ ಯಾವ ಸುತ್ತೋಲೆಯಲ್ಲೂ ಸಿಗುವುದಿಲ್ಲ.

ಟಿಡಿಎಸ್ ಬೇರೆ, ತಡೆಹಿಡಿದ ಹಣ ಬೇರೆ. ಟಿಡಿಎಸ್ ನಿಮ್ಮ ತೆರಿಗೆ ಖಾತೆಗೆ ತಾನಾಗಿ ಬಂದು ಕೂರುತ್ತದೆ. ತಡೆಹಿಡಿದದ್ದು ಕೇಳದೆ ಬರುವುದಿಲ್ಲ. ‘ಕಡಿತಗಳು ನಿಯಮದಂತೆ’ ಎಂದು ಎರಡನ್ನೂ ಒಂದೇ ಚೀಲಕ್ಕೆ ಹಾಕಿದವರು ವರ್ಷದ ಮೇಲೆ ಕೇಳಲು ಹೋದಾಗ ಲೆಕ್ಕ ಶಾಖೆಯವರೂ ಅದೇ ಚೀಲ ತೋರಿಸುತ್ತಾರೆ.

ಹಂತಗಳಲ್ಲಿ ಅಪಾಯದ್ದು ಕೊನೆಯ ಶೇ. 10. ‘ಚಾಲನೆಯಾದಾಗ’ ಎಂದು ಬರೆದು ಬಿಟ್ಟರೆ ಸಾಲದು. ಚಾಲನೆಗೆ ವಿದ್ಯುತ್ ಪರಿವೀಕ್ಷಣಾಲಯದ ಅನುಮೋದನೆ ಬೇಕು. ಅನುಮೋದನೆಗೆ ಅರ್ಥಿಂಗ್ ಮುಗಿದಿರಬೇಕು. ಯಂತ್ರ ಕೂರುವ ಕಾಂಕ್ರೀಟ್ ಕಟ್ಟೆ ಲೋಕೋಪಯೋಗಿಯವರದು ಎಂದು ಆಸ್ಪತ್ರೆ ಹೇಳುತ್ತದೆ, ಪತ್ರ ಬಂದಿಲ್ಲ ಎಂದು ಲೋಕೋಪಯೋಗಿ ಹೇಳುತ್ತದೆ. ಜನರೇಟರ್ ಬೇವಿನಮರದ ಕೆಳಗೆ ಟಾರ್ಪಾಲು ಹೊದ್ದು ಮೊದಲ ಮಳೆಗಾಲವನ್ನು ಕಳೆಯುತ್ತದೆ. ಆ ರಸ್ತೆ ಷರತ್ತು ಬರೆದವರಿಗೆ ದಿವ್ಯದೃಷ್ಟಿ ಇತ್ತೇನೋ! ದೋಷ ಹೊಣೆ ಅವಧಿಯ ಹನ್ನೆರಡು ತಿಂಗಳು ಎಣಿಕೆಯಾಗುವುದು ಚಾಲನಾ ಪ್ರಮಾಣಪತ್ರದ ದಿನದಿಂದಾದ್ದರಿಂದ ಆ ಗಡಿಯಾರ ಇನ್ನೂ ಶುರುವೇ ಆಗಿಲ್ಲ, ಎಂಜಿನ್ ತಯಾರಕರ ವಾರಂಟಿ ಮಾತ್ರ ಕರಗುತ್ತಿದೆ. ಕಟ್ಟೆ ಯಾರದು, ಅದು ತಡವಾದರೆ ಆ ಶೇ. 10ರ ಗತಿ ಏನು ಎನ್ನುವುದೂ ಪ್ರೀ-ಬಿಡ್‌ನ ಪ್ರಶ್ನೆಯೇ.

ಹಾಗಾದರೆ ಪತ್ರ ಹೇಗಿರಬೇಕು? ಒಂದು ಪುಟ. ಸಂಸ್ಥಾಪಕರಿಗೆ ಕೈ ಮುಗಿದು ಪಕ್ಕಕ್ಕೆ ಕೂರಿಸಿ, ಇಷ್ಟು ಬರೆದರೆ ಸಾಕು:

‘ಟೆಂಡರಿನ ಪಾವತಿ ಷರತ್ತುಗಳನ್ನು, ತಿದ್ದುಪಡಿ ಸಂಖ್ಯೆ 1 ಸೇರಿದಂತೆ, ಯಾವುದೇ ಬದಲಾವಣೆ ಇಲ್ಲದೆ ಒಪ್ಪಿದ್ದೇವೆ. ಸಮಿತಿಯ ಅನುಕೂಲಕ್ಕೆ ಅವುಗಳ ಸಾರ ಇಲ್ಲಿದೆ. ಸಾರಕ್ಕೂ ಟೆಂಡರಿಗೂ ವ್ಯತ್ಯಾಸ ಕಂಡರೆ ಟೆಂಡರೇ ಅಂತಿಮ. ಹಂತ 1, ಸ್ಥಳಕ್ಕೆ ಸರಬರಾಜು, ಶೇ. 70, ದಾಖಲೆ: ಉಗ್ರಾಣದವರು ಸಹಿ ಮಾಡಿದ ಡೆಲಿವರಿ ಚಲನ್. ಹಂತ 2, ಅಳವಡಿಕೆ, ಶೇ. 20, ದಾಖಲೆ: ಸಹಾಯಕ ಎಂಜಿನಿಯರರ ಅಳತೆ ಪುಸ್ತಕದ ನಮೂದು. ಹಂತ 3, ಚಾಲನೆ, ಶೇ. 10, ದಾಖಲೆ: ಪರಿವೀಕ್ಷಣಾಲಯದ ಅನುಮೋದನೆ ಮತ್ತು ಚಾಲನಾ ಪ್ರಮಾಣಪತ್ರ. ತಡೆಹಿಡಿಯುವ ಹಣ: ಪ್ರತಿ ಬಿಲ್ಲಿನ ತೆರಿಗೆರಹಿತ ಮೊತ್ತದ ಶೇ. 5, ತಿದ್ದುಪಡಿಯ ಉತ್ತರ 4ರಂತೆ. ಬಿಡುಗಡೆ: ಚಾಲನಾ ಪ್ರಮಾಣಪತ್ರದ ದಿನಾಂಕದಿಂದ ಹನ್ನೆರಡು ತಿಂಗಳು ತುಂಬಿದಾಗ. ಕಾರ್ಯನಿರ್ವಹಣಾ ಭದ್ರತೆ: ಶೇ. 5, ಬ್ಯಾಂಕ್ ಗ್ಯಾರಂಟಿ. ಉದ್ಯಮ್ ಸಂಖ್ಯೆ ಲಗತ್ತಿಸಿದೆ.’

ಪ್ರತಿ ಸಾಲಿನ ಕೊನೆಗೆ ಟೆಂಡರಿನ ಪುಟ ಮತ್ತು ಷರತ್ತಿನ ಸಂಖ್ಯೆ ಹಾಕಿದರೆ ಕೇಸ್ ವರ್ಕರ್ ಕಾಲಮ್ಮಿನಲ್ಲಿ ‘ಹೌದು’ ಬರೆಯಲು ಎರಡು ನಿಮಿಷ ಸಾಕು. ಎಪ್ಪತ್ತು, ಇಪ್ಪತ್ತು, ಹತ್ತು ಕೂಡಿದರೆ ನೂರಾಗುತ್ತದೆಯೇ ಎಂದು ಕಳಿಸುವ ಮೊದಲು ಒಮ್ಮೆ ಕೂಡಿ ನೋಡಬೇಕು. ನೂರೈದು ಬರುವ ಪತ್ರಗಳೂ ಪೋರ್ಟಲ್ಲಿಗೆ ಏರುತ್ತವೆ, ತಡೆಹಿಡಿದ ಶೇ. 5ನ್ನೂ ನಾಲ್ಕನೇ ಹಂತವೆಂದು ಎಣಿಸಿ.

ಇಷ್ಟೆಲ್ಲ ಸರಿಯಾಗಿ ಬರೆದು, ಟೆಂಡರ್ ಸಿಕ್ಕಿ, ಕಟ್ಟೆ ಎದ್ದು, ಯಂತ್ರ ಓಡಿ, ಹನ್ನೆರಡು ತಿಂಗಳು ತುಂಬಿತು. ಒಂದು ಲಕ್ಷ ಬಿಡುಗಡೆ ಮಾಡಿ ಎಂದು ಅರ್ಜಿ ಹೋಯಿತು. ಸಹಿ ಮಾಡಿದ್ದ ಎಂಜಿನಿಯರ್ ವರ್ಗವಾಗಿದ್ದಾರೆ. ಮೂರು ವಾರದ ನಂತರ ಕಚೇರಿಯಿಂದ ಉತ್ತರ: ‘ಈ ಕಚೇರಿಯಿಂದ ನೀಡಲಾದ ಚಾಲನಾ ಪ್ರಮಾಣಪತ್ರದ ಪ್ರತಿ ಈ ಕಚೇರಿಯಲ್ಲಿ ಲಭ್ಯವಿಲ್ಲದ ಕಾರಣ, ಸದರಿ ಪ್ರತಿಯನ್ನು ಕವರಿಂಗ್ ಲೆಟರಿನೊಂದಿಗೆ ಸಲ್ಲಿಸುವುದು.’