ಚಲನ್ ಬೇರೆ, ಇನ್‌ವಾಯ್ಸ್ ಬೇರೆ: ಸ್ಪಷ್ಟನೆ

"ಬಿಲ್, ಇನ್‌ವಾಯ್ಸ್, ರಸೀದಿ, ಚಲನ್ ಎಲ್ಲಾ ಒಂದೇ. ಒಂದು ಇಟ್ಕೊಂಡ್ರೆ ಸಾಕು."

ಸಾಲುವುದಿಲ್ಲ. ನೀವು 50 ಡಬ್ಬಿ ಕೇಳಿದ್ದೀರಿ, ಬಂದದ್ದು 48 ಎಂದುಕೊಳ್ಳಿ. ಸರಕಿನ ಜೊತೆ ಬರುವ ಡೆಲಿವರಿ ಚಲನ್‌ನಲ್ಲಿ 50 ಎಂದಿದೆ. ಎಣಿಸದೆ ಸುಮ್ನೆ ಸಹಿ ಹಾಕಿದರೆ ಅಷ್ಟೂ ಬಂತೆಂದು ಒಪ್ಪಿದಂತೆ. ಎರಡೂ ಪ್ರತಿಗಳಲ್ಲಿ "48 ಮಾತ್ರ ಬಂದಿದೆ" ಎಂದು ಬರೆದೇ ಸಹಿ ಹಾಕಿ.

ಇನ್‌ವಾಯ್ಸ್ ಹಣ ಕೇಳುವ ಕಾಗದ. ದರ, ತೆರಿಗೆ, ಒಟ್ಟು ಮೊತ್ತ ಅದರಲ್ಲಿರುತ್ತದೆ. ಅಲ್ಲೂ 50 ಎಂದಿದ್ದರೆ ಚಲನ್ ತೋರಿಸಿ ತಿದ್ದಿಸಿಕೊಳ್ಳಿ, ಆಮೇಲೆ ದುಡ್ಡು ಕೊಡಿ. ಕೊಟ್ಟದ್ದಕ್ಕೆ ಸಾಕ್ಷಿ ರಸೀದಿ. ಅದರಲ್ಲಿ ಇನ್‌ವಾಯ್ಸ್ ನಂಬರ್ ಬರೆಸಿ, ಇಲ್ಲದಿದ್ದರೆ ಯಾವ ಬಾಕಿ ತೀರಿತು ಎಂಬ ಜಗಳ ಜಾಸ್ತಿ.

ಬಿಲ್ ಕೂಡ ಹಣ ಕೇಳುವುದೇ. ಕೌಂಟರ್‌ನಲ್ಲೇ ಹಣ ಪಡೆದು "ಪಾವತಿಯಾಗಿದೆ" ಎಂದು ನಮೂದಿಸಿದರೆ ಅದು ರಸೀದಿಯೂ ಆಗುತ್ತದೆ.