ಲೋಫರ್ ಅಂದ್ರೆ ಸಡಿಲ ಶೂ ಅಲ್ಲ ಸ್ವಾಮಿ

ನಿನ್ನೆ ಸಂಜೆಯಿಂದ ತಲೆ ಕೆಟ್ಟಿದೆ. ಶೂ ಅಂಗಡಿಯ ಸ್ಟೂಲ್ ಮೇಲೆ ಕೂತು ವರ್ಷಗಟ್ಟಲೆ ಜನರ ಕಾಲು ಅಳೆದವನು ನಾನು ಅಂತ ನಿಮಗೆಲ್ಲ ಗೊತ್ತಲ್ಲ, ಹಳೇ ಚಾಳಿ ಬಿಡಲ್ಲ. ಮಾಲ್‌ನಲ್ಲಿ ಒಬ್ಬ ಹುಡುಗ ಬ್ಯಾಂಕ್ ಇಂಟರ್‌ವ್ಯೂಗೆ ಶೂ ತೆಗೆದುಕೊಳ್ಳುತ್ತಿದ್ದ, ಅಮ್ಮನ ಜೊತೆ. ಎಂಟು ನಂಬರಿನ ಲೋಫರ್, ಅಂದರೆ ಲೇಸ್ ಇಲ್ಲದೆ ಕಾಲು ತೂರಿಸಿ ಹಾಕುವ ಶೂ, ಹಾಕಿ, ‘ಸ್ವಲ್ಪ ಬಿಗಿ’ ಅಂದ. ಸೇಲ್ಸ್‌ನವನು ಕಣ್ಣು ಮಿಟುಕಿಸುವಷ್ಟರಲ್ಲಿ ಒಂಬತ್ತು ತಂದ. ‘ಆರಾಮಾಗಿರುತ್ತೆ ಬಿಡಿ ಸರ್!’ ಹುಡುಗ ಕಾರ್ಪೆಟ್ ಮೇಲೆ ನಡೆದರೆ ಹಿಮ್ಮಡಿ ಪ್ರತಿ ಹೆಜ್ಜೆಗೂ ಎದ್ದೆದ್ದು ಬೀಳುತ್ತಿದೆ.

ತಡೆಯಲಾಗದೆ ಬಾಯಿ ಹಾಕಿದೆ. ‘ಅಂಕಲ್, ಈಗ ಎಲ್ಲಾ ಇದನ್ನೇ ಹಾಕ್ತಾರೆ’ ಅಂದ ಸೇಲ್ಸ್‌ನವನು. ಅಂಕಲ್ ಅಂದದ್ದಕ್ಕೂ ಸಿಟ್ಟು ಬಂತು, ಅದು ಬೇರೆ ವಿಷಯ.

ಲೇಸ್ ಶೂ ಸ್ವಲ್ಪ ಸಡಿಲವಾದರೆ ಲೇಸ್ ಎಳೆದು ಕಟ್ಟಬಹುದು. ಲೋಫರ್‌ನಲ್ಲಿ ಎಳೆಯೋಕೆ ಏನಿದೆ? ಪಾದದ ಮೇಲೆ ಬರುವ ಚರ್ಮ ಮತ್ತು ಹಿಮ್ಮಡಿಯ ಹಿಂದಿನ ಗಟ್ಟಿ ಭಾಗ, ಇವೆರಡೇ ಕಾಲನ್ನು ಹಿಡಿದಿಡಬೇಕು. ಅದಕ್ಕೇ ಲೋಫರನ್ನು ಲೇಸ್ ಶೂಗಿಂತ ಬಿಗಿಯಾಗಿ ತೆಗೆದುಕೊಳ್ಳಬೇಕು. ಚರ್ಮ ಕೆಲವು ವಾರದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದಿಲ್ಲ. ಅಂಗಡಿಯಲ್ಲೇ ಆರಾಮಾಗಿದ್ದ ಲೋಫರ್ ಆಮೇಲೆ ಚಪ್ಪಲಿಯೇ.

ಆ ಹುಡುಗನಿಗೆ ಎಂಟರಲ್ಲಿ ಬೆರಳು ತುದಿಗೆ ತಾಗುತ್ತಿರಲಿಲ್ಲ, ಮೇಲ್ಭಾಗ ಮಾತ್ರ ಒತ್ತುತ್ತಿತ್ತು. ಅಂದರೆ ಎಂಟೇ ಸರಿ. ಬೆರಳು ಮಡಚಿದ್ದರೆ ಮಾತು ಬೇರೆ. ಒಂದು ನಂಬರ್ ಅಂದರೆ ಉದ್ದದಲ್ಲಿ ಇಂಚಿನ ಮೂರನೇ ಒಂದು ಭಾಗ, ಹತ್ತಿರ ಹತ್ತಿರ ಎಂಟೂವರೆ ಮಿಲಿಮೀಟರ್. ಹಿಮ್ಮಡಿ ಎದ್ದು ಬರೋಕೆ ಅಷ್ಟು ಧಾರಾಳ ಸಾಕು. ಅರ್ಧ ನಂಬರ್ ಸಿಕ್ಕರೆ ಒಳ್ಳೆಯದಿತ್ತು, ನಮ್ಮಲ್ಲಿ ಎಲ್ಲಿ ಸಿಗುತ್ತೆ ಹೇಳಿ.

ಇನ್ನೊಂದು. ಸಡಿಲವಾದ ಲೋಫರ್‌ಗೆ ಹಿಮ್ಮಡಿ ಹತ್ತಿರ ಸ್ಪಾಂಜ್ ಪಟ್ಟಿ ಅಂಟಿಸಿ ಕೊಡುತ್ತಾರೆ. ಅದು ಕಾಲನ್ನು ಮುಂದಕ್ಕೆ ತಳ್ಳುತ್ತದೆ, ಬೆರಳು ಹೋಗಿ ತುದಿಗೆ ಗುದ್ದುತ್ತದೆ. ಅಂಟಿಸುವುದಾದರೆ ಮೇಲ್ಭಾಗದ ಚರ್ಮದ ಒಳಗಡೆ ಅಂಟಿಸಿ. ಆಗ ಕಾಲು ಹಿಂದಕ್ಕೆ ಹೋಗಿ ಹಿಮ್ಮಡಿ ಕೂರುತ್ತದೆ. ಇಷ್ಟು ಹೇಳೋಕೆ ಅಂಕಲ್ಲೇ ಬೇಕಾಯಿತು.

ಅದಿರಲಿ, ಬ್ಯಾಂಕ್ ಇಂಟರ್‌ವ್ಯೂಗೆ ಲೋಫರ್ ಯಾಕೆ? ಲೋಫರ್ ಹುಟ್ಟಿದ್ದೇ ಬಿಡುವಿನ ಹೊತ್ತಿಗೆ. ನಾರ್ವೆಯ ಹಳ್ಳಿಗರ ಶೂ ನೋಡಿ ಅಮೆರಿಕದ ಬಾಸ್ ಕಂಪನಿ 1936ರಲ್ಲಿ ವೀಜನ್ಸ್ ಅನ್ನುವ ಲೋಫರ್ ಮಾಡಿತು, ಕಾಲೇಜು ಹುಡುಗರು ಮುಗಿಬಿದ್ದರು. ಗುಚ್ಚಿಯವರು 1953ರಲ್ಲಿ ಕುದುರೆ ಕಡಿವಾಣದಂಥ ಲೋಹದ ತುಂಡು ಹಾಕಿದ ಮೇಲೆ ಅದು ಸೂಟ್ ಹಾಕುವವರ ಕಾಲಿಗೂ ಹತ್ತಿತು. ಆದರೂ ಸೂಟು, ಟೈ ಜೊತೆಗೆ ಮೊದಲ ಸ್ಥಾನ ಲೇಸ್ ಕಟ್ಟುವ ಕಪ್ಪು ಆಕ್ಸ್‌ಫರ್ಡ್‌ಗೇ. ಅದರಲ್ಲಿ ಲೇಸ್ ತೂರುವ ಎರಡೂ ಪಟ್ಟಿಗಳ ಬುಡ ಮುಂಭಾಗದ ಚರ್ಮದ ಕೆಳಗೆ ಹೊಲಿದಿರುತ್ತದೆ, ನೋಡೋಕೆ ಒಂದೇ ತುಂಡು ಅನ್ನಿಸುತ್ತದೆ. ಡರ್ಬಿ ಅನ್ನುವ ಇನ್ನೊಂದು ಬಗೆಯ ಲೇಸ್ ಶೂನಲ್ಲಿ ಪಟ್ಟಿಗಳು ಮೇಲೆ ಬಿಡಿಯಾಗಿ ಕೂತಿರುತ್ತವೆ, ಪೂರ್ತಿ ತೆರೆಯುತ್ತವೆ.

ಈ ವ್ಯತ್ಯಾಸ ನಮಗೆ ಮುಖ್ಯ. ಬರಿಗಾಲು, ಚಪ್ಪಲಿಯಲ್ಲಿ ಬೆಳೆದ ಎಷ್ಟೋ ಜನರ ಪಾದ ಮುಂದೆ ಅಗಲ. ಮೇಲ್ಭಾಗವೂ ಎತ್ತರ ಇದ್ದರಂತೂ ಆಕ್ಸ್‌ಫರ್ಡ್ ಕಟ್ಟಿದಾಗ ಲೇಸಿನ ಪಟ್ಟಿಗಳು ‘ವಿ’ ಆಕಾರದಲ್ಲಿ ಬಾಯಿ ಬಿಡುತ್ತವೆ. ಅದು ಕಂಡರೆ ಹಟ ಮಾಡಬೇಡಿ, ಡರ್ಬಿ ತೆಗೆದುಕೊಳ್ಳಿ. ಇಂಟರ್‌ವ್ಯೂಗೆ, ಬ್ಯಾಂಕಿನ ಕೌಂಟರಿಗೆ, ಆಡಿಟ್ ಆಫೀಸಿಗೆ ಕಪ್ಪು ಡರ್ಬಿ ಧಾರಾಳ ಸಾಕು. ಟೈ ಇಲ್ಲದ, ಚಿನೋಸ್ ಮತ್ತು ಅರ್ಧ ತೋಳಿನ ಶರ್ಟಿನ ಐಟಿ ಆಫೀಸಿಗೆ ಕಂದು ಲೋಫರ್ ಚೆನ್ನ. ಅಲ್ಲಿ ಹೊಳೆಯುವ ಆಕ್ಸ್‌ಫರ್ಡ್ ಹಾಕಿ ಹೋದರೆ ‘ಇವತ್ತು ಬೇರೆ ಕಡೆ ಇಂಟರ್‌ವ್ಯೂನಾ’ ಅಂತ ಮ್ಯಾನೇಜರೇ ಕೇಳುತ್ತಾರೆ.

‘ಲೇಸ್ ಬಿಚ್ಚಿ ಕಟ್ಟೋದು ಯಾರಿಗೆ ಬೇಕು, ದಿನಕ್ಕೆ ಹತ್ತು ಸಲ ಶೂ ಬಿಚ್ಚಬೇಕು’ ಅಂತ ಕಾಮೆಂಟ್ ಬಂದೇ ಬರುತ್ತೆ. ಸರಿ, ಮನೆ, ದೇವಸ್ಥಾನ ಎಲ್ಲ ಕಡೆ ಬಿಚ್ಚಬೇಕು, ಒಪ್ಪಿದೆ. ಅದಕ್ಕೆ ಲೋಫರ್ ಬೇಕು, ಸಡಿಲ ಲೋಫರ್ ಯಾಕೆ ಬೇಕು? ಬಿಗಿ ಲೋಫರ್ ಹಾಕೋಕೆ ಹಿಮ್ಮಡಿ ಜಾರಿಸಿ ಒಳಗೆ ಕೂರಿಸುವ ಶೂ ಹಾರ್ನ್ ಇದೆ. ಬ್ಯಾಗಿನಲ್ಲಿ ಪವರ್ ಬ್ಯಾಂಕ್ ಎರಡಿರುತ್ತೆ, ಅದೊಂದು ಇರಲ್ಲ.

ನಿಜ ಹೇಳಿಬಿಡುತ್ತೇನೆ, ನಾನೂ ದಿನಾ ಲೋಫರ್ರೇ ಹಾಕುವುದು. ಹೊಟ್ಟೆ ಬಂದಿದೆ, ಬಗ್ಗಿದರೆ ಉಸಿರು ಕಟ್ಟುತ್ತದೆ. ಆದರೆ ನಾನು ಕಾಲು ಊದಿರುವ ಸಂಜೆ ಹೊತ್ತಿನಲ್ಲಿ, ಆಫೀಸಿಗೆ ಹಾಕುವ ಸಾಕ್ಸ್ ಹಾಕಿಕೊಂಡೇ ಶೂ ಅಂಗಡಿಗೆ ಹೋಗುತ್ತೇನೆ. ಕಾರ್ಪೆಟ್ ಬಿಟ್ಟು ಗಟ್ಟಿ ನೆಲದಲ್ಲಿ ನಡೆದು, ಒಂದೆರಡು ಮೆಟ್ಟಿಲು ಹತ್ತಿ ನೋಡುತ್ತೇನೆ. ಹೊಸ ಅಟ್ಟೆ ಬಗ್ಗದಿದ್ದಾಗ ಹಿಮ್ಮಡಿ ಚೂರು ಎದ್ದರೆ ಪರವಾಗಿಲ್ಲ. ಶೂ ಉದುರದಂತೆ ಬೆರಳಲ್ಲಿ ನೆಲ ಹಿಡಿಯಬೇಕಾದರೆ ಅಲ್ಲೇ ಬಿಟ್ಟು ಬರುತ್ತೇನೆ, ಡಿಸ್ಕೌಂಟ್ ಎಷ್ಟೇ ಇರಲಿ.